ಕೆಲಸ ಬಿಟ್ಟ ಮೇಲೆ ಎಚ್‌ಆರ್‌ಗೆ ಬರೆಯುವ ಮೇಲ್: ಫೈನಲ್ ಸೆಟಲ್‌ಮೆಂಟ್, ಪಿಎಫ್, ರಿಲೀವಿಂಗ್ ಲೆಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂರಕ್ಕೂ ಒಂದೇ ಮೇಲ್ ಸಾಕಾ, ಬೇರೆ ಬೇರೆ ಬರೆಯಬೇಕಾ?

ಒಂದೇ ಸಾಕು. ಆದರೆ ಒಳಗೆ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಯಾಕೆಂದರೆ ಆ ಮೇಲ್ ಎಚ್‌ಆರ್ ಕೈಗೆ ಹೋದ ಮೇಲೆ ಮೂರು ದಾರಿ ಹಿಡಿಯುತ್ತದೆ. ಲೆಕ್ಕದ ಭಾಗ ಪೇರೋಲ್‌ನವರಿಗೆ, ಪಿಎಫ್ ಭಾಗ ಕಂಪನಿಯ ಪಿಎಫ್ ಕೆಲಸ ನೋಡುವವರಿಗೆ (ಎಷ್ಟೋ ಕಡೆ ಅದು ಹೊರಗಿನ ಏಜೆನ್ಸಿ), ಲೆಟರ್ ಮಾತ್ರ ಎಚ್‌ಆರ್ ಹತ್ತಿರವೇ ಉಳಿಯುತ್ತದೆ. "ನನ್ನ ಸೆಟಲ್‌ಮೆಂಟ್ ಎಲ್ಲಾ ಯಾವಾಗ ಆಗುತ್ತೆ?" ಅಂತ ಒಂದೇ ಸಾಲು ಬರೆದರೆ "ಪ್ರೊಸೆಸ್‌ನಲ್ಲಿದೆ" ಅಂತ ಒಂದೇ ಸಾಲಿನ ಉತ್ತರ ಬರುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಈ ಮೂರು ಒಂದಕ್ಕೊಂದು ಕಟ್ಟಿಹಾಕಿದ ಕೆಲಸಗಳಲ್ಲ. ಲ್ಯಾಪ್‌ಟಾಪ್ ವಾಪಸ್ ಬಂದಿಲ್ಲ ಅಂತ ಸೆಟಲ್‌ಮೆಂಟ್ ಲೆಕ್ಕ ನಿಲ್ಲಿಸಬಹುದೇನೋ, ಆದರೆ ಪಿಎಫ್‌ಗೂ ಲ್ಯಾಪ್‌ಟಾಪ್‌ಗೂ ಸಂಬಂಧವಿಲ್ಲ. ಹೆಚ್ಚಿನ ಕಡೆ ಆ ದುಡ್ಡು ಇರುವುದು ಕಂಪನಿಯ ಹತ್ತಿರ ಅಲ್ಲ, ಇಪಿಎಫ್‌ಒ ಹತ್ತಿರ. "ನೋ ಡ್ಯೂಸ್ ಆದ ಮೇಲೆ ಪಿಎಫ್ ನೋಡೋಣ" ಅಂದರೆ ಒಪ್ಪಿಕೊಳ್ಳಬೇಡಿ.

ಮೇಲ್ ಯಾವಾಗ, ಯಾವ ಐಡಿಯಿಂದ ಕಳಿಸಬೇಕು?

ಮೊದಲನೆಯದು ಕೆಲಸದ ಕೊನೆಯ ವಾರದಲ್ಲೇ ಆಫೀಸ್ ಐಡಿಯಿಂದ ಹೋಗಲಿ, ನಿಮ್ಮ ಸ್ವಂತ ಐಡಿ ಸಿಸಿಯಲ್ಲಿರಲಿ. ಕೊನೆಯ ದಿನ ಸಂಜೆ ಆಫೀಸ್ ಐಡಿ ಬಂದ್ ಆಗುತ್ತದೆ. ಆಮೇಲೆ ಜಿಮೇಲ್‌ನಿಂದ ಬಂದ ಮೇಲ್ ಯಾರದ್ದು ಅಂತಲೇ ಎಚ್‌ಆರ್‌ಗೆ ಗೊತ್ತಾಗುವುದಿಲ್ಲ. ಸಿಸಿ ಮಾಡಿದ್ದರೆ ಅದೇ ಥ್ರೆಡ್‌ಗೆ ರಿಪ್ಲೈ ಮಾಡುತ್ತಾ ಹೋಗಬಹುದು, ಹಳೆಯ ಮಾತೆಲ್ಲ ಕೆಳಗೇ ಇರುತ್ತದೆ.

ಅದೇ ವಾರ ನಿಮ್ಮ ಪೇಸ್ಲಿಪ್‌ಗಳು, ಅಪಾಯಿಂಟ್‌ಮೆಂಟ್ ಲೆಟರ್, ರಾಜೀನಾಮೆ ಒಪ್ಪಿದ ಮೇಲ್, ರಜೆ ಬ್ಯಾಲೆನ್ಸ್ ಕಾಣುವ ಸ್ಕ್ರೀನ್‌ಶಾಟ್ ಇಷ್ಟನ್ನೂ ಇಳಿಸಿಟ್ಟುಕೊಳ್ಳಿ. ನಿಮ್ಮ ಹೆಸರಿನ ಕಾಗದ ಮಾತ್ರ, ಕಂಪನಿಯ ಫೈಲ್ ಬೇಡ. ಪೇರೋಲ್ ಪೋರ್ಟಲ್ ಲಾಗಿನ್ ಹೋದ ಮೇಲೆ ರಜೆ ಎಷ್ಟು ಉಳಿದಿತ್ತು ಅಂತ ವಾದ ಮಾಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಮೇಲ್‌ನಲ್ಲಿ ಏನೇನು ಬರೆಯಬೇಕು?

ಇಂಗ್ಲಿಷಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ, ಒಳಗೆ ಇರಬೇಕಾದದ್ದು ಇಷ್ಟು:

> ವಿಷಯ: ಎಂಪ್ಲಾಯಿ ನಂಬರ್ (ನಿಮ್ಮದು) – ಕೊನೆಯ ದಿನ ಜೂನ್ 18 – ಸೆಟಲ್‌ಮೆಂಟ್ ಲೆಕ್ಕ, ಪಿಎಫ್ ಎಕ್ಸಿಟ್ ದಿನಾಂಕ, ರಿಲೀವಿಂಗ್ ಲೆಟರ್
>
> ನಮಸ್ಕಾರ,
>
> ನಾನು ಮೇ 4ರಂದು ರಾಜೀನಾಮೆ ಕೊಟ್ಟಿದ್ದೆ. ನನ್ನ ಕೊನೆಯ ಕೆಲಸದ ದಿನ ಜೂನ್ 18 ಎಂದು ಮ್ಯಾನೇಜರ್ ಒಪ್ಪಿದ ಮೇಲ್ ಇದರ ಜೊತೆಗಿದೆ. ಲ್ಯಾಪ್‌ಟಾಪ್ ಮತ್ತು ಐಡಿ ಕಾರ್ಡ್ ವಾಪಸ್ ಕೊಟ್ಟ ರಸೀದಿಯೂ ಇದೆ. ಮೂರು ವಿಷಯ ಕೇಳಬೇಕಿತ್ತು.
>
> ಮೊದಲನೆಯದು, ಫುಲ್ ಅಂಡ್ ಫೈನಲ್ ಲೆಕ್ಕದ ಶೀಟ್. ಹಣ ಹಾಕುವ ಮೊದಲು ಶೀಟ್ ಕಳಿಸಿ. ನೋಟಿಸ್ ಕಡಿತ ಎಷ್ಟು ದಿನಕ್ಕೆ, ಬೇಸಿಕ್ ಮೇಲೋ ಗ್ರಾಸ್ ಮೇಲೋ, ರಜೆಯ ಹಣ ಎಷ್ಟು ದಿನಕ್ಕೆ ಎಂದು ಅದರಲ್ಲಿ ಕಾಣುವಂತಿರಲಿ.
>
> ಎರಡನೆಯದು, ಪಿಎಫ್. ಜೂನ್ ತಿಂಗಳ ಕಂತು ಕಟ್ಟಿದ ಮೇಲೆ ನನ್ನ ಯುಎಎನ್‌ನಲ್ಲಿ ಎಕ್ಸಿಟ್ ದಿನಾಂಕ ಜೂನ್ 18 ಎಂದು ಹಾಕಿ. ಯಾವ ದಿನದೊಳಗೆ ಹಾಕುತ್ತೀರಿ ಎಂದು ತಿಳಿಸಿ.
>
> ಮೂರನೆಯದು, ರಿಲೀವಿಂಗ್ ಲೆಟರ್ ಮತ್ತು ಎಕ್ಸ್‌ಪೀರಿಯೆನ್ಸ್ ಲೆಟರ್. ಸೇರಿದ ದಿನ, ಬಿಟ್ಟ ದಿನ, ಹುದ್ದೆ ಮೂರೂ ಇರಲಿ.
>
> ಇನ್ನು ಮುಂದೆ ಈ ಐಡಿಗೆ ಮತ್ತು ಈ ನಂಬರಿಗೆ ಸಂಪರ್ಕಿಸಿ.

ಬೇಜಾರು, ಮ್ಯಾನೇಜರ್ ಮೇಲಿನ ಸಿಟ್ಟು, ಅಪ್ರೈಸಲ್ ಕಥೆ ಯಾವುದೂ ಬೇಡ. ಯುಎಎನ್ ನಂಬರ್ ಬರೆದರೆ ತೊಂದರೆ ಇಲ್ಲ, ಅವರ ಹತ್ತಿರ ಇದ್ದೇ ಇರುತ್ತದೆ. ಆಧಾರ್ ಪ್ರತಿ, ಒಟಿಪಿ, ಪಿಎಫ್ ಪೋರ್ಟಲ್ ಪಾಸ್‌ವರ್ಡ್ ಕೇಳಿದರೆ ಕೊಡಬೇಡಿ. "ನಾವೇ ಟ್ರಾನ್ಸ್‌ಫರ್ ಮಾಡಿಕೊಡ್ತೀವಿ, ಪಾಸ್‌ವರ್ಡ್ ಕಳಿಸಿ" ಅನ್ನುವ ಏಜೆನ್ಸಿಗಳೂ ಇವೆ. ಅದು ಯಾರಿಗೂ ಬೇಕಾಗಿಲ್ಲ.

ಸೆಟಲ್‌ಮೆಂಟ್‌ಗೆ 45 ದಿನ ಬೇಕು ಅಂತಾರೆ. ನಿಜವಾ?

ಅದು ಕಂಪನಿಯ ರೂಢಿ, ಕಾನೂನಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ 17ನೇ ಕಲಂ ಪ್ರಕಾರ ರಾಜೀನಾಮೆ ಕೊಟ್ಟು ಹೋದವರ ವೇತನವನ್ನೂ ಎರಡು ಕೆಲಸದ ದಿನದೊಳಗೆ ಕೊಡಬೇಕು. ಮೊದಲಿನ ಕಾನೂನಿನಲ್ಲಿ ಇಂಥ ಗಡುವು ಇದ್ದದ್ದು ಕಂಪನಿಯೇ ತೆಗೆದುಹಾಕಿದವರಿಗೆ.

ಆದರೆ ಆ ಗಡುವು ವೇತನಕ್ಕೆ. ಗ್ರಾಚ್ಯುಟಿ ಬೇರೆ ವಿಷಯ, ಅದಕ್ಕೆ 30 ದಿನ. ಎರಡೇ ದಿನದಲ್ಲಿ ಎಲ್ಲಾ ಕಂಪನಿಗಳೂ ಕೊಡುತ್ತಿವೆ ಅಂತ ನಾನು ಹೇಳಲಾರೆ. ಹಳೆಯ ಪಾಲಿಸಿ ಕಾಗದವನ್ನೇ ಹಿಡಿದು ಕೂತವರು ಜಾಸ್ತಿ. ಮೊದಲ ಮೇಲ್‌ನಲ್ಲೇ ಕಲಂ ಎತ್ತಬೇಡಿ. ಎರಡನೆಯದರಲ್ಲಿ, ಉತ್ತರ ಬಾರದಿದ್ದಾಗ, ಒಂದು ಸಾಲಿನಲ್ಲಿ ನೆನಪಿಸಿ.

ಲೆಕ್ಕದ ಶೀಟ್ ಬಂತು. ಏನು ನೋಡಬೇಕು?

ಎಲ್ಲಕ್ಕಿಂತ ಮುಖ್ಯ ನೋಟಿಸ್ ಕಡಿತ. ಹೆಚ್ಚಿನ ಜಗಳ ಅಲ್ಲೇ. ಮೇಲಿನ ಮೇಲ್‌ನ ಉದಾಹರಣೆಯನ್ನೇ ತೆಗೆದುಕೊಂಡು ಲೆಕ್ಕ ಮಾಡೋಣ.

ತಿಂಗಳ ಗ್ರಾಸ್ 52,000, ಅದರಲ್ಲಿ ಬೇಸಿಕ್ 26,000. ನೋಟಿಸ್ 60 ದಿನ. ಮೇ 4ರಂದು ರಾಜೀನಾಮೆ, ಮರುದಿನದಿಂದ ಎಣಿಸಿದರೆ ಜೂನ್ 18ಕ್ಕೆ 45 ದಿನ. ಹಾಗಾಗಿ 15 ದಿನ ಕಡಿಮೆ ಬಿತ್ತು. ಉಳಿದ ರಜೆ 9 ದಿನ.

ಬರಬೇಕಾದದ್ದು: ಜೂನ್‌ನ 18 ದಿನದ ಸಂಬಳ 31,200. ರಜೆಯ ಹಣವನ್ನು ಬೇಸಿಕ್ ಮೇಲೆ, 30 ದಿನದ ಲೆಕ್ಕದಲ್ಲಿ ಕೊಟ್ಟರೆ 7,800. ಎರಡೂ ಸೇರಿ 39,000.

ಹೋಗಬೇಕಾದದ್ದು: 18 ದಿನದ ಬೇಸಿಕ್ 15,600, ಅದರ 12 ಶೇಕಡಾ ಪಿಎಫ್ 1,872. ಪ್ರೊಫೆಷನಲ್ ಟ್ಯಾಕ್ಸ್ 200. ಇನ್ನು ನೋಟಿಸ್‌ನ 15 ದಿನ. ಅದನ್ನು ಗ್ರಾಸ್ ಮೇಲೆ ಹಿಡಿದರೆ 26,000, ಬೇಸಿಕ್ ಮೇಲೆ ಹಿಡಿದರೆ 13,000.

ಟಿಡಿಎಸ್ ಬಿಟ್ಟು ಹೇಳುವುದಾದರೆ, ಗ್ರಾಸ್ ಮೇಲೆ ಹಿಡಿದರೆ ಕೈಗೆ 10,928. ಬೇಸಿಕ್ ಮೇಲೆ ಹಿಡಿದರೆ 23,928. ಒಂದೇ ಪದದ ಮೇಲೆ 13,000 ವ್ಯತ್ಯಾಸ ನೋಡಿ! ಯಾವುದು ಸರಿ ಅನ್ನುವುದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ಹೋಗುತ್ತದೆ. ಅಲ್ಲಿ ಬೇಸಿಕ್ ಅಂತ ಇದ್ದು ಶೀಟ್‌ನಲ್ಲಿ ಗ್ರಾಸ್ ಹಿಡಿದಿದ್ದರೆ, ಆ ಪ್ಯಾರಾದ ಫೋಟೋ ಹಾಕಿ ಮೇಲ್ ಮಾಡಿ. ಪೇರೋಲ್‌ನವರು ಎಷ್ಟೋ ಸಲ ಎಲ್ಲರಿಗೂ ಒಂದೇ ಫಾರ್ಮುಲಾ ಎಳೆದಿರುತ್ತಾರೆ, ತೋರಿಸಿದರೆ ತಿದ್ದುತ್ತಾರೆ.

ಹಾಗೆಯೇ ಮ್ಯಾನೇಜರ್ "ಬೇಗ ಬಿಡುತ್ತೇನೆ, ನೋಟಿಸ್ ಮಾಫಿ" ಅಂತ ಬಾಯಲ್ಲಿ ಹೇಳಿದ್ದರೆ ಅದು ಶೀಟ್‌ನಲ್ಲಿ ಬರುವುದಿಲ್ಲ. ಕೆಲಸದಲ್ಲಿರುವಾಗಲೇ ಮೇಲ್‌ನಲ್ಲಿ ಬರೆಸಿಕೊಳ್ಳಿ.

ನೋಟಿಸ್ ಕಡಿತದ ಮೇಲೆ ಜಿಎಸ್‌ಟಿ ಅಂತ 18 ಶೇಕಡಾ ಹಾಕಿದ್ದಾರೆ. ಇದು ಸರಿಯಾ?

ಇಲ್ಲ. ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯಾದ ಸಿಬಿಐಸಿ 2022ರ ಆಗಸ್ಟ್ 3ರ 178/10/2022 ಸುತ್ತೋಲೆಯಲ್ಲಿ, ನೋಟಿಸ್ ಪೂರೈಸದವರಿಂದ ಹಿಡಿಯುವ ಹಣಕ್ಕೆ ಜಿಎಸ್‌ಟಿ ಬರುವುದಿಲ್ಲ ಅಂತ ಸ್ಪಷ್ಟ ಮಾಡಿದೆ. ಮೇಲಿನ ಲೆಕ್ಕದಲ್ಲಿ 26,000ಕ್ಕೆ 4,680 ಹೆಚ್ಚಿಗೆ ಹೋಗುತ್ತಿತ್ತು. ಸುತ್ತೋಲೆಯ ನಂಬರ್ ಬರೆದು ಆ ಸಾಲು ತೆಗೆಯಿರಿ ಅಂತ ಕೇಳಿ, ವಾದ ಬೆಳೆಸುವ ಅಗತ್ಯವೇ ಇಲ್ಲ.

ಗ್ರಾಚ್ಯುಟಿ ಬರುತ್ತಾ?

ಕಾಯಂ ನೌಕರರಿಗೆ ಐದು ವರ್ಷ ಸತತ ಕೆಲಸ ಆಗಿದ್ದರೆ ಬರುತ್ತದೆ. ಕೊನೆಯ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ವರ್ಷಗಳಿಂದ ಗುಣಿಸಿದರೆ ಸಿಗುವ ಮೊತ್ತ. ಸಿಟಿಸಿಯಲ್ಲಿ ಗ್ರಾಚ್ಯುಟಿ ಅಂತ ತೋರಿಸಿದ್ದರು, ಎರಡೇ ವರ್ಷಕ್ಕೆ ಬಿಟ್ಟೆ, ಆ ದುಡ್ಡು ಕೊಡಿ ಅಂತ ಕೇಳುವವರು ತುಂಬಾ ಜನ. ಸಿಟಿಸಿಯಲ್ಲಿ ಕಂಡ ಮಾತ್ರಕ್ಕೆ ಸಿಗುವುದಿಲ್ಲ.

ಪಿಎಫ್ ಟ್ರಾನ್ಸ್‌ಫರ್ ಮಾಡೋದು ಎಚ್‌ಆರ್ ಕೆಲಸವಾ?

ಅಲ್ಲ, ನಿಮ್ಮದು. ಹಳೆಯ ಎಚ್‌ಆರ್‌ನಿಂದ ನಿಮಗೆ ಮುಖ್ಯವಾಗಿ ಬೇಕಾದದ್ದು ಒಂದೇ: ಎಕ್ಸಿಟ್ ದಿನಾಂಕ. "ದಯವಿಟ್ಟು ನನ್ನ ಪಿಎಫ್ ಟ್ರಾನ್ಸ್‌ಫರ್ ಮಾಡಿ" ಅಂತ ಬರೆದರೆ "ನೀವೇ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ" ಅಂತ ಉತ್ತರ ಬರುತ್ತದೆ. ನೀವು ಅಲ್ಲಿ ಹೋದರೆ ಎಕ್ಸಿಟ್ ದಿನಾಂಕ ಇಲ್ಲ ಅಂತ ಅರ್ಜಿ ನಿಲ್ಲುತ್ತದೆ. ಹೀಗೆ ಎರಡು ತಿಂಗಳು ಸುಮ್ನೆ ಹೋಗುತ್ತದೆ. ಅದಕ್ಕೇ ಮೇಲ್‌ನಲ್ಲಿ ಟ್ರಾನ್ಸ್‌ಫರ್ ಬದಲು ಎಕ್ಸಿಟ್ ದಿನಾಂಕ ಅಂತಲೇ ಕೇಳಿದ್ದು.

ದಿನಾಂಕ ಬಿದ್ದಿದೆಯಾ ಅಂತ ನೋಡಲು ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ `View > Service History` ತೆರೆಯಿರಿ. ಹಳೆಯ ಕಂಪನಿಯ ಸಾಲಿನಲ್ಲಿ ದಿನಾಂಕ ಕಾಣಬೇಕು. ಅದು ರಿಲೀವಿಂಗ್ ಲೆಟರ್‌ನ ದಿನಾಂಕವೇ ಆಗಿರಬೇಕು. ಆಮೇಲೆ `Online Services > One Member - One EPF Account` ಒಳಗೆ ಹೋಗಿ ಅರ್ಜಿ ಹಾಕಿ.

2025ರ ಜನವರಿಯಿಂದ ಬಹಳ ಜನರ ಅರ್ಜಿ ಕಂಪನಿಯ ಒಪ್ಪಿಗೆಗೆ ಹೋಗುವುದೇ ಇಲ್ಲ. ಯುಎಎನ್ 2017ರ ಅಕ್ಟೋಬರ್ 1ರ ನಂತರದ್ದಾಗಿದ್ದು ಆಧಾರ್ ಜೋಡಿಸಿದ್ದರೆ ಸಾಕು. ಅದಕ್ಕಿಂತ ಹಳೆಯ ಯುಎಎನ್ ಆದರೆ ಎರಡೂ ಕಂಪನಿಯ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನ, ಲಿಂಗ ಒಂದೇ ಥರ ಇರಬೇಕು. ಹೊಸ ಕಂಪನಿಯ ಮೊದಲ ಕಂತು ಬಿದ್ದಾಗ ಕೆಲವರಿಗೆ ಟ್ರಾನ್ಸ್‌ಫರ್ ತಾನಾಗಿಯೇ ಶುರುವಾಗುತ್ತದೆ. ಅದಕ್ಕೂ ಹಳೆಯ ಕಡೆ ಎಕ್ಸಿಟ್ ದಿನಾಂಕ ಬೇಕೇ ಬೇಕು.

ಕೆಲಸ ಬಿಟ್ಟ ವಾರವೇ ಅರ್ಜಿ ಹಾಕಬಹುದಾ?

ಸ್ವಲ್ಪ ತಡೆಯಿರಿ. ಕಂಪನಿ ಒಂದು ತಿಂಗಳ ಕಂತನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುತ್ತದೆ. ಜೂನ್ 18ಕ್ಕೆ ಬಿಟ್ಟವರ ಕೊನೆಯ ಕಂತು ಜುಲೈ 15ರ ಹೊತ್ತಿಗೆ ಬೀಳುತ್ತದೆ. ಅದಕ್ಕೂ ಮೊದಲೇ ಟ್ರಾನ್ಸ್‌ಫರ್ ಆಗಿಹೋದರೆ ಆ ಕೊನೆಯ ಕಂತು ಹಳೆಯ ಖಾತೆಯಲ್ಲೇ ಒಂಟಿಯಾಗಿ ಉಳಿಯುತ್ತದೆ, ಅದಕ್ಕಾಗಿ ಮತ್ತೊಂದು ಅರ್ಜಿ. ಪಾಸ್‌ಬುಕ್‌ನಲ್ಲಿ ಕೊನೆಯ ತಿಂಗಳು ಕಂಡ ಮೇಲೆ ಅರ್ಜಿ ಹಾಕುವುದು ಒಳ್ಳೆಯದು. ನಡುವೆ ಬಡ್ಡಿ ನಿಲ್ಲುವುದಿಲ್ಲ, ಹೆದರಬೇಡಿ.

ಎಚ್‌ಆರ್ ಎಕ್ಸಿಟ್ ದಿನಾಂಕ ಹಾಕುತ್ತಲೇ ಇಲ್ಲ. ಏನು ಮಾಡಲಿ?

ನೀವೇ ಹಾಕಬಹುದು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಹಳೆಯ ಕಂಪನಿಯ ಹಿಂದೆ ಬಿದ್ದವರಿದ್ದಾರೆ. ಕೊನೆಯ ಕಂತಿನ ನಂತರ ಎರಡು ತಿಂಗಳು ಕಳೆದಿರಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. `Manage > Mark Exit` ತೆರೆದು, ಹಳೆಯ ಕಂಪನಿ ಆರಿಸಿ, ದಿನಾಂಕ ಹಾಕಿ, ರಾಜೀನಾಮೆ ಕೊಟ್ಟವರಾದರೆ ಕಾರಣದಲ್ಲಿ `Cessation (Short Service)` ಆರಿಸಿ, ಒಟಿಪಿ ಕೊಡಿ.

ದಿನಾಂಕದ ವಿಷಯದಲ್ಲಿ ಅವಸರ ಬೇಡ. ಕೊನೆಯ ಕಂತು ಯಾವ ತಿಂಗಳದ್ದೋ ಆ ತಿಂಗಳೊಳಗಿನ ಯಾವುದೇ ದಿನವನ್ನು ಅದು ಒಪ್ಪುತ್ತದೆ. ಹಾಗಂತ ಸುಮ್ಮನೆ 30 ಅಂತ ಒತ್ತಬೇಡಿ. ಜೂನ್ 18ಕ್ಕೆ ಬಿಟ್ಟು ಜೂನ್ 22ಕ್ಕೆ ಹೊಸ ಕಡೆ ಸೇರಿದವರು ಎಕ್ಸಿಟ್ 30 ಅಂತ ಹಾಕಿದರೆ ಎಂಟು ಒಂಬತ್ತು ದಿನ ಎರಡೂ ಕಡೆ ಕೆಲಸ ಮಾಡಿದಂತೆ ದಾಖಲೆ ಆಗುತ್ತದೆ. ಹೊಸ ಕಂಪನಿಯ ಹಿನ್ನೆಲೆ ಪರಿಶೀಲನೆಯವರು ಸರ್ವಿಸ್ ಹಿಸ್ಟರಿ ಕೇಳಿದಾಗ ಅದು ಕಣ್ಣಿಗೆ ಬೀಳುತ್ತದೆ. ಒಮ್ಮೆ ಬಿದ್ದ ದಿನಾಂಕ ತಿದ್ದಲು ಜಾಯಿಂಟ್ ಡಿಕ್ಲರೇಷನ್ ಅಂತ ಬೇರೆಯೇ ಅರ್ಜಿ, ಅದರ ತಲೆನೋವು ಬೇಡ.

ನೀವೇ ಹಾಕಲು ಕಾಯಬೇಕಿರುವ ಆ ಎರಡು ತಿಂಗಳ ಕಾರಣಕ್ಕೇ ಎಚ್‌ಆರ್‌ಗೆ ಮೇಲ್ ಮಾಡುವುದು. ಅವರು ಹಾಕಿದರೆ ಬೇಗ ಆಗುತ್ತದೆ.

ನಮ್ಮ ಹಳೆಯ ಕಂಪನಿಯಲ್ಲಿ ಪಿಎಫ್ ಟ್ರಸ್ಟ್ ಇತ್ತು. ಬೇರೆ ಏನಾದರೂ ಕೇಳಬೇಕಾ?

ಹೌದು, ಇಲ್ಲಿ ಎಚ್‌ಆರ್ ನಿಜವಾಗಿಯೂ ಬೇಕು. ಕೆಲವು ದೊಡ್ಡ ಕಂಪನಿಗಳು ಪಿಎಫ್ ದುಡ್ಡನ್ನು ತಮ್ಮದೇ ಟ್ರಸ್ಟ್‌ನಲ್ಲಿ ಇಟ್ಟಿರುತ್ತವೆ. ಇಪಿಎಫ್‌ಒ ಪಾಸ್‌ಬುಕ್‌ನಲ್ಲಿ ಆ ಹಣ ಕಾಣದಿದ್ದರೆ ಗಾಬರಿಯಾಗಬೇಡಿ, ಅದು ಟ್ರಸ್ಟ್ ಲೆಕ್ಕದಲ್ಲಿರುತ್ತದೆ. ಅರ್ಜಿ ಹಾಕಿದ ಮೇಲೆ ಟ್ರಸ್ಟ್‌ನವರೇ ಹಣವನ್ನೂ 'ಅನೆಕ್ಶರ್ ಕೆ' ಅನ್ನುವ ಲೆಕ್ಕದ ಕಾಗದವನ್ನೂ ಕಳಿಸಬೇಕು. ಮೇಲ್‌ನಲ್ಲಿ ಒಂದು ಸಾಲು ಸೇರಿಸಿ: ಟ್ರಸ್ಟ್ ಕೆಲಸ ನೋಡುವವರ ಮೇಲ್ ಐಡಿ ಕೊಡಿ, ನನ್ನ ಕೊನೆಯ ಪಿಎಫ್ ಸ್ಟೇಟ್‌ಮೆಂಟ್ ಕಳಿಸಿ. ಆ ಸ್ಟೇಟ್‌ಮೆಂಟ್ ಕೈಯಲ್ಲಿದ್ದರೆ ಆಮೇಲೆ ಬಂದ ಮೊತ್ತ ಹೊಂದಿಸಿ ನೋಡಬಹುದು.

ಟ್ರಾನ್ಸ್‌ಫರ್ ಆಯ್ತು, ಆದರೆ ಪೆನ್ಷನ್ ಕಾಲಂನಲ್ಲಿ ಸೊನ್ನೆ ಇದೆ. ದುಡ್ಡು ಹೋಯ್ತಾ?

ಹೋಗಿಲ್ಲ. ಪೆನ್ಷನ್ ಭಾಗದಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ನಿಮ್ಮ ಸೇವೆಯ ಅವಧಿ ಮಾತ್ರ ಹೋಗುತ್ತದೆ. ಆ ಅವಧಿ ಸರಿಯಾಗಿ ಸೇರಿದೆಯಾ ಅಂತ ಅನೆಕ್ಶರ್ ಕೆಯಲ್ಲಿ ನೋಡಿ. ಪೆನ್ಷನ್‌ಗೆ 10 ವರ್ಷದ ಸೇವೆ ಬೇಕು, ಅದರ ಲೆಕ್ಕ ಹೀಗೆ ಕೂಡುತ್ತಾ ಹೋಗುತ್ತದೆ. ಇದೇ ಕಾರಣಕ್ಕೆ ಕೆಲಸ ಬದಲಿಸಿದಾಗಲೆಲ್ಲ ಪಿಎಫ್ ತೆಗೆದು ಖರ್ಚು ಮಾಡುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲದೆ ಒಟ್ಟು ಐದು ವರ್ಷ ಆಗುವ ಮೊದಲು 50,000ಕ್ಕಿಂತ ಜಾಸ್ತಿ ತೆಗೆದರೆ ಟಿಡಿಎಸ್ ಕೂಡ ಹಿಡಿಯುತ್ತಾರೆ. ಟ್ರಾನ್ಸ್‌ಫರ್ ಮಾಡಿದರೆ ಹಳೆಯ ವರ್ಷಗಳೂ ಆ ಐದರಲ್ಲಿ ಸೇರುತ್ತವೆ.

ಸೆಟಲ್‌ಮೆಂಟ್ ಆಗುವವರೆಗೆ ರಿಲೀವಿಂಗ್ ಲೆಟರ್ ಕೊಡಲ್ಲ ಅಂತಾರೆ. ಹೊಸ ಕಂಪನಿ ಕೇಳುತ್ತಿದೆ.

ಸೆಟಲ್‌ಮೆಂಟ್ ತಡ ಆಗುತ್ತಿರುವುದು ಅವರಿಂದ ಆದರೆ ಅದನ್ನೇ ಬರೆಯಿರಿ. ನನ್ನ ಕಡೆಯಿಂದ ಬಾಕಿ ಏನಿದೆ ಅಂತ ಪಟ್ಟಿ ಕೊಡಿ, ಇಲ್ಲದಿದ್ದರೆ ಲೆಟರ್ ಕೊಡಿ. ಬಾಕಿ ಇಲ್ಲ ಅಂತ ಅವರ ಕೈಯಲ್ಲೇ ಬರೆಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಲ್ಯಾಪ್‌ಟಾಪ್ ಕೊರಿಯರ್ ಮಾಡಿದ್ದರೆ ಟ್ರ್ಯಾಕಿಂಗ್ ನಂಬರ್ ಮತ್ತು ಪ್ಯಾಕ್ ಮಾಡುವಾಗಿನ ಫೋಟೋ ಹಾಕಿ. ನೋಟಿಸ್ ಹಣ ನೀವೇ ಕಟ್ಟಬೇಕಿದ್ದರೆ ಮಾತ್ರ ಅವರ ಮಾತಿಗೆ ಬಲ ಇರುತ್ತದೆ, ಆಗ ಮೊದಲು ಲೆಕ್ಕ ಚುಕ್ತಾ ಮಾಡುವುದೇ ಬೇಗದ ದಾರಿ.

ಹೊಸ ಕಂಪನಿಗೆ ಅಲ್ಲಿಯವರೆಗೆ ರಾಜೀನಾಮೆ ಒಪ್ಪಿದ ಮೇಲ್ ಮತ್ತು ಕೊನೆಯ ಮೂರು ಪೇಸ್ಲಿಪ್ ಕೊಟ್ಟು ಸಮಯ ಕೇಳಿ. ಎಷ್ಟೋ ಕಂಪನಿಗಳು ಇದನ್ನು ಒಪ್ಪುತ್ತವೆ. ಕೊನೆಯ ದಿನಾಂಕ ಅದರಲ್ಲಿ ಬರೆದಿರಬೇಕು ಅಷ್ಟೇ.

ಲೆಟರ್ ಬಂದ ಕೂಡಲೇ ಹೆಸರಿನ ಸ್ಪೆಲಿಂಗ್, ಹುದ್ದೆ, ಎರಡು ದಿನಾಂಕ ಓದಿ. ತಪ್ಪಿದ್ದರೆ ಅದೇ ದಿನ ಹೇಳಿ. ಆರು ತಿಂಗಳ ನಂತರ ಅದನ್ನು ತಿದ್ದುವ ಎಚ್‌ಆರ್ ಕೂಡ ಕೆಲಸ ಬಿಟ್ಟಿರುತ್ತಾರೆ.

ಮೇಲ್‌ಗೆ ಉತ್ತರವೇ ಇಲ್ಲ.

ಒಂದು ವಾರ ಬಿಟ್ಟು ಅದೇ ಥ್ರೆಡ್‌ನಲ್ಲಿ ನೆನಪಿಸಿ, ಈ ಸಲ ಪೇರೋಲ್ ಮತ್ತು ಎಚ್‌ಆರ್ ಮುಖ್ಯಸ್ಥರನ್ನೂ ಸೇರಿಸಿ. ಫೋನಿನಲ್ಲಿ ಮಾತಾಡಿದರೆ "ಈಗ ಮಾತಾಡಿದಂತೆ ಸೋಮವಾರ ಶೀಟ್ ಕಳಿಸುತ್ತೀರಿ" ಅಂತ ತಕ್ಷಣ ಮೇಲ್ ಹಾಕಿ. ಅದೂ ಆಗದಿದ್ದರೆ ಹೊರಗೆ ಹೋಗಬೇಕು. ಪಿಎಫ್ ದೂರು ಇಪಿಎಫ್‌ಒದ `epfigms.gov.in` ಪೋರ್ಟಲ್‌ಗೆ, ಸಂಬಳದ ದೂರು ಕಾರ್ಮಿಕ ಇಲಾಖೆಗೆ. ಎರಡನ್ನೂ ಬೆರೆಸಬೇಡಿ. ಸೆಟಲ್‌ಮೆಂಟ್ ಬಂದಿಲ್ಲ ಅಂತ ಇಪಿಎಫ್‌ಒಗೆ ಬರೆದರೆ ನಮಗೆ ಸಂಬಂಧವಿಲ್ಲ ಅಂತ ದೂರು ಮುಚ್ಚುತ್ತಾರೆ.

ಫಾರ್ಮ್ 16 ಕೂಡ ಈಗಲೇ ಕೇಳಬೇಕಾ?

ಅದು ಹಣಕಾಸು ವರ್ಷ ಮುಗಿದ ಮೇಲೆ ಬರುತ್ತದೆ, ಸಾಮಾನ್ಯವಾಗಿ ಜೂನ್ ಮಧ್ಯದ ಹೊತ್ತಿಗೆ. ಈಗ ಕೇಳಬೇಕಾದದ್ದು ಈ ವರ್ಷ ಇಲ್ಲಿಯವರೆಗಿನ ಸಂಬಳ ಮತ್ತು ಟಿಡಿಎಸ್ ವಿವರ. ಅದನ್ನು ಹೊಸ ಕಂಪನಿಗೆ ಕೊಡದಿದ್ದರೆ ಅವರು ಶುರುವಿನಿಂದ ಲೆಕ್ಕ ಹಾಕಿ ತೆರಿಗೆ ಕಡಿಮೆ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಬಾಕಿ ತೆರಿಗೆ ಬಡ್ಡಿ ಸಮೇತ ನಿಮ್ಮ ತಲೆಗೆ ಬರುತ್ತದೆ.

"ಎಲ್ಲಾ ಬಾಕಿ ಬಂದಿದೆ" ಅಂತ ಕಾಗದ ಕಳಿಸಿ ಸಹಿ ಕೇಳುತ್ತಿದ್ದಾರೆ. ಹಾಕಲಾ?

ಹಣ ಖಾತೆಗೆ ಬಂದಿದ್ದು ಶೀಟ್‌ನ ಮೊತ್ತಕ್ಕೆ ಹೊಂದಿದ್ದರೆ ಹಾಕಿ. ಬಂದಿಲ್ಲದಿದ್ದರೆ "ಶೀಟ್ ಒಪ್ಪಿಗೆ ಇದೆ, ಹಣ ಬಂದ ದಿನ ಸಹಿ ಮಾಡಿ ಕಳಿಸುತ್ತೇನೆ" ಅಂತ ಬರೆಯಿರಿ. ಸಹಿ ಇಲ್ಲದೆ ಹಣ ಬಿಡುವುದಿಲ್ಲ ಅಂತ ಹಟ ಹಿಡಿದರೆ, ಮೊತ್ತವನ್ನು ಅಂಕೆಯಲ್ಲಿ ಬರೆದು, ಈ ಮೊತ್ತ ಜಮೆ ಆದ ಮೇಲೆ ಮಾತ್ರ ಇದು ಅನ್ವಯ ಅಂತ ಸಹಿಯ ಮೇಲೆ ಒಂದು ಸಾಲು ಸೇರಿಸಿ ಕಳಿಸಿ. ಗ್ರಾಚ್ಯುಟಿ ಅಥವಾ ಬೋನಸ್ ಇನ್ನೂ ಬಾಕಿ ಇದ್ದರೆ ಅದನ್ನೂ ಹೆಸರಿಸಿ ಹೊರಗಿಡಿ.